ಗಾಂಧಿ ಹೇಳದ ಮಾತು, ತಂಗಿ ಬರೆದ ಕಾರಣ

ಅಕ್ಟೋಬರ್ ಎರಡರ ಬೆಳಿಗ್ಗೆ ಹಾಕಲೆಂದು ನನ್ನ ಚಿಕ್ಕಪ್ಪನ ಮಗಳು ಒಂದು ಸಂದೇಶ ಬರೆದಿಟ್ಟುಕೊಂಡಿದ್ದಳು. ಅವಳು ಅರಸೀಕೆರೆ ಕಡೆಯ ಒಂದು ಗ್ರಾಮ ಪಂಚಾಯಿತಿ ಗ್ರಂಥಾಲಯದ ಮೇಲ್ವಿಚಾರಕಿ. ಊರಿನ ಓದುಗರು, ಮಕ್ಕಳ ತಂದೆತಾಯಂದಿರು, ಶಾಲೆಯ ಮೇಷ್ಟ್ರುಗಳು, ಪಂಚಾಯಿತಿ ಸದಸ್ಯರು ಎಲ್ಲರೂ ಇರುವ ವಾಟ್ಸ್‌ಆ್ಯಪ್ ಗುಂಪೊಂದನ್ನು ನಡೆಸುತ್ತಾಳೆ. ಬೆಳಿಗ್ಗೆ ಏಳರ ಹೊತ್ತಿಗೆ ಅಲ್ಲಿ ಒಂದು ನುಡಿಮುತ್ತು ಬೀಳಬೇಕು ಎಂಬುದು ಅವಳೇ ಹಾಕಿಕೊಂಡ ನಿಯಮ. ಪತ್ರಿಕೆಯ ಡೆಸ್ಕಿನಲ್ಲಿ ಬೇರೆಯವರ ಬರಹ ತಿದ್ದುವುದು ನನ್ನ ಕೆಲಸವಾದ್ದರಿಂದ ‘ಅಣ್ಣಾ, ಗಾಂಧಿ ಜಯಂತಿಗೆ ಹಾಕೋದು, ಒಂಚೂರು ನೋಡ್ಕೊಡು’ ಎಂದು ಕಳಿಸಿದಳು. ಅದು ಹೀಗಿತ್ತು:

‘ಶುಭೋದಯ ಆತ್ಮೀಯರೇ. ಜಗತ್ತಿನಲ್ಲಿ ನೀವು ಕಾಣಬಯಸುವ ಬದಲಾವಣೆ ಮೊದಲು ನೀವೇ ಆಗಿರಿ – ಮಹಾತ್ಮ ಗಾಂಧಿ. ಜೀವನ ಎಂಬುದು ಒಂದು ಸುಂದರ ಪಯಣ. ಈ ಪಯಣದಲ್ಲಿ ಏಳುಬೀಳು ಸಹಜ. ಸೋಲೇ ಗೆಲುವಿನ ಸೋಪಾನ. ಸಕಾರಾತ್ಮಕವಾಗಿ ಯೋಚಿಸಿ, ನಿಮ್ಮ ಮೇಲೆ ನಿಮಗೆ ನಂಬಿಕೆಯಿರಲಿ. ಸಾಧಿಸುವ ಛಲವಿದ್ದರೆ ಅಸಾಧ್ಯವಾದುದು ಯಾವುದೂ ಇಲ್ಲ. ಬನ್ನಿ, ಇಂದೇ ಬದಲಾಗೋಣ, ಬದಲಾವಣೆಯ ಹರಿಕಾರರಾಗೋಣ. ಈ ದಿನ ನಿಮ್ಮೆಲ್ಲರಿಗೂ ಶುಭ ತರಲಿ.’

ಇದರಲ್ಲಿ ತಪ್ಪು ಕನ್ನಡ ಎಲ್ಲಿಯೂ ಇಲ್ಲ. ಕಾಗುಣಿತ ಸರಿಯಿದೆ, ವಾಕ್ಯಗಳು ಚಿಕ್ಕವಾಗಿವೆ, ಉದ್ದೇಶವಂತೂ ಒಳ್ಳೆಯದೇ. ಆದರೂ ಇದನ್ನು ಓದಿದವರು ಕೈಮುಗಿಯುವ ಚಿತ್ರ ಒತ್ತಿ ಮುಂದಕ್ಕೆ ಹೋಗುತ್ತಾರೆ, ಹತ್ತು ನಿಮಿಷದ ಮೇಲೆ ಏನು ಓದಿದೆವೆಂದು ಕೇಳಿದರೆ ಹೇಳಲಾರರು. ಅವಳಿಗೂ ಅದು ಗೊತ್ತಿತ್ತು. ‘ಎಲ್ರೂ ಕೈ ಮುಗೀತಾರೆ, ಯಾರೂ ಮಾತಾಡಲ್ಲ’ ಎಂದಳು. ಆದ್ದರಿಂದ ಒಂದೆರಡು ಪದ ತಿದ್ದುವುದನ್ನು ಬಿಟ್ಟು ಇಡೀ ಸಂದೇಶವನ್ನೇ ಬಿಚ್ಚಿ ಮತ್ತೆ ಕಟ್ಟುವುದೆಂದು ಇಬ್ಬರೂ ಕೂತೆವು.

ಮೊದಲು ನೋಡಬೇಕಾದದ್ದು ಆ ಮಾತನ್ನೇ. ಸುತ್ತಲಿನ ವಾಕ್ಯಗಳು ಸವೆದಿವೆಯೋ ಇಲ್ಲವೋ ಎಂದು ನೋಡುವ ಮುಂಚೆ, ನಡುವೆ ಇರುವ ಮಾತು ಹೆಸರು ಹಾಕಿದವರದ್ದೇ ಹೌದೇ ಎಂದು ತಿಳಿದುಕೊಳ್ಳಬೇಕು. ‘ಬದಲಾವಣೆ ನೀವೇ ಆಗಿರಿ’ ಎಂಬ ಈ ಮಾತು ಗಾಂಧೀಜಿಯವರ ಬರಹಗಳಲ್ಲಿ ಈ ರೂಪದಲ್ಲಿ ಸಿಕ್ಕಿಲ್ಲ. ಅವರು ಬರೆದದ್ದು, ಆಡಿದ್ದು ದಾಖಲಾಗಿರುವಷ್ಟು ಇನ್ನೊಬ್ಬರದು ದಾಖಲಾಗಿರುವುದು ಅಪರೂಪ. ಕೇಂದ್ರ ಸರ್ಕಾರದ ಪ್ರಕಟಣಾ ವಿಭಾಗ ಹೊರತಂದಿರುವ ಅವರ ಸಮಗ್ರ ಬರಹಗಳು ಇಂಗ್ಲಿಷಿನಲ್ಲಿ 100 ಸಂಪುಟಗಳಷ್ಟಿವೆ. ಸಾಬರಮತಿ ಆಶ್ರಮದವರ ಗಾಂಧಿ ಹೆರಿಟೇಜ್ ಪೋರ್ಟಲ್‌ನಲ್ಲಿ ಅವನ್ನು ಯಾರು ಬೇಕಾದರೂ ತೆರೆದು ಓದಬಹುದು. ಮೊಮ್ಮಗ ಅರುಣ್ ಗಾಂಧಿಯವರು ಈ ಮಾತನ್ನು ತಾತನದೆಂದು ಹೇಳಿದ್ದುಂಟು. ಆದರೆ ಅಚ್ಚಾದ ರೂಪದಲ್ಲಿ ಇದಕ್ಕೆ ತೀರ ಹತ್ತಿರವಾದ ಮಾತು ಕಾಣುವುದು 1970ರ ದಶಕದ ಅಮೆರಿಕದಲ್ಲಿ, ನ್ಯೂಯಾರ್ಕಿನ ಬ್ರೂಕ್ಲಿನ್‌ನ ಹೈಸ್ಕೂಲೊಂದರಲ್ಲಿ ಪಾಠ ಹೇಳುತ್ತಿದ್ದ ಆರ್ಲೀನ್ ಲೊರಾನ್ಸ್ ಎಂಬ ಶಿಕ್ಷಕಿಯ ಬರಹದಲ್ಲಿ. ಗಾಂಧೀಜಿ ತೀರಿಕೊಂಡು ಅಷ್ಟರಲ್ಲಿ ಎರಡು ದಶಕಕ್ಕೂ ಹೆಚ್ಚು ಕಾಲ ಕಳೆದಿತ್ತು.

ಹಾಗಾದರೆ ಗಾಂಧೀಜಿ ಇದಕ್ಕೆ ಹತ್ತಿರವಾದದ್ದನ್ನು ಏನೂ ಹೇಳಲೇ ಇಲ್ಲವೇ? ಹೇಳಿದ್ದಾರೆ, ಅದೂ ಯಾರೂ ನಿರೀಕ್ಷಿಸದ ಜಾಗದಲ್ಲಿ. ದಕ್ಷಿಣ ಆಫ್ರಿಕಾದಲ್ಲಿದ್ದಾಗ ‘ಇಂಡಿಯನ್ ಒಪಿನಿಯನ್’ ಪತ್ರಿಕೆಯಲ್ಲಿ ಅವರು ಆರೋಗ್ಯದ ಬಗ್ಗೆ ಗುಜರಾತಿಯಲ್ಲಿ ಒಂದು ಲೇಖನಮಾಲೆ ಬರೆಯುತ್ತಿದ್ದರು. 1913ರ ಆಗಸ್ಟ್ 9ರ ಸಂಚಿಕೆಯ ಕಂತು ಅಪಘಾತಗಳನ್ನು ಕುರಿತದ್ದು, ಅದರಲ್ಲೂ ಹಾವಿನ ಕಡಿತವನ್ನು ಕುರಿತದ್ದು. ಹಾವಿನ ಬಗ್ಗೆ ಬರೆಯುತ್ತಾ ಬರೆಯುತ್ತಾ ಮಾತು ಮನುಷ್ಯನ ಒಳಗಿನ ಭಯ, ಹಗೆತನದ ಕಡೆಗೆ ತಿರುಗುತ್ತದೆ. ನಾವು ಜಗತ್ತಿನ ಪ್ರತಿಬಿಂಬ, ಹೊರಗೆ ಕಾಣುವ ಪ್ರವೃತ್ತಿಗಳೆಲ್ಲ ನಮ್ಮೊಳಗೂ ಇವೆ, ಮನುಷ್ಯ ತನ್ನ ಸ್ವಭಾವವನ್ನು ಬದಲಿಸಿಕೊಂಡರೆ ಅವನ ಕಡೆಗೆ ಜಗತ್ತಿನ ವರ್ತನೆಯೂ ಬದಲಾಗುತ್ತದೆ, ಬೇರೆಯವರು ಏನು ಮಾಡುತ್ತಾರೋ ನೋಡೋಣ ಎಂದು ಕಾಯುತ್ತಾ ಕೂರಬೇಕಿಲ್ಲ ಎಂಬುದು ಅಲ್ಲಿನ ಮಾತಿನ ಸಾರ.

ಈ ಎರಡನ್ನೂ ಅಕ್ಕಪಕ್ಕ ಇಟ್ಟು ನೋಡಿದರೆ ವ್ಯತ್ಯಾಸ ಕಣ್ಣಿಗೆ ಕಾಣುತ್ತದೆ. ಪ್ರಚಾರದಲ್ಲಿರುವ ಮಾತು ‘ನೀವು’ ಎಂದು ಇನ್ನೊಬ್ಬರ ಕಡೆಗೆ ಕೈ ತೋರಿಸಿ ಅಪ್ಪಣೆ ಕೊಡುತ್ತದೆ. 1913ರ ಬರಹ ‘ನಾವು’ ಎಂದು ತನ್ನನ್ನೂ ಸೇರಿಸಿಕೊಂಡು ಮಾತಾಡುತ್ತದೆ. ಹೊರಗೆ ಕಂಡ ಕೆಡುಕು ನನ್ನೊಳಗೂ ಇದೆ ಎಂದು ಒಪ್ಪಿಕೊಂಡ ಮೇಲೆಯೇ ಅದು ಬದಲಾವಣೆಯ ವಿಷಯಕ್ಕೆ ಬರುತ್ತದೆ. ಕಾಯಬೇಕಿಲ್ಲ ಎಂಬ ಕೊನೆಯ ಭಾಗವಂತೂ ಪ್ರಚಾರದ ಮಾತಿನಲ್ಲಿ ಪೂರ್ತಿ ಬಿದ್ದುಹೋಗಿದೆ. ಬಾಯಿಂದ ಬಾಯಿಗೆ ಹೋಗುವಾಗ ಮಾತು ನುಣುಪಾಗುತ್ತದೆ, ಬರೆದವರ ಮನಸ್ಸಿನಲ್ಲಿದ್ದ ಸಂದರ್ಭ ಉದುರುತ್ತದೆ, ಉಳಿಯುವುದು ಯಾರಿಗೆ ಬೇಕಾದರೂ ಹೇಳಬಹುದಾದ ಒಂದು ಆಜ್ಞೆ. ನನ್ನ ಅನುಭವದಲ್ಲಿ ಸುಳ್ಳು ಹೆಸರು ಅಂಟಿಕೊಂಡ ಮಾತುಗಳ ಮೊದಲ ಗುರುತೇ ಇದು. ಹೆಸರು ದೊಡ್ಡದಾಗಿರುತ್ತದೆ, ಆದರೆ ಎಲ್ಲಿ, ಯಾವಾಗ, ಯಾರಿಗೆ ಹೇಳಿದ್ದು ಎಂಬುದು ಇರುವುದಿಲ್ಲ.

ಕನ್ನಡದ ಮಾತುಗಳಿಗೂ ಈ ಪರೀಕ್ಷೆ ಬೇಕು, ಮಾಡುವುದು ಕಷ್ಟವೂ ಅಲ್ಲ. ಡಿ.ವಿ.ಜಿ.ಯವರ ‘ಮಂಕುತಿಮ್ಮನ ಕಗ್ಗ’ 1943ರಲ್ಲಿ ಅಚ್ಚಾದ ಪುಸ್ತಕ. ಅದರಲ್ಲಿ 945 ಪದ್ಯಗಳಿವೆ, ಪ್ರತಿಯೊಂದಕ್ಕೂ ಸಂಖ್ಯೆಯಿದೆ. ಸಂಖ್ಯೆ ಹಾಕದೆ ಬಂದ ಕಗ್ಗವನ್ನು ಪುಸ್ತಕದೊಂದಿಗೆ ಹೋಲಿಸಿ ನೋಡಿದರೆ ಸಾಕು. ಬಸವಣ್ಣನವರ ಹೆಸರಿನಲ್ಲಿ ಬರುವ ಹೊಸಗನ್ನಡದ ಸಾಲುಗಳಲ್ಲಿ ಎಷ್ಟೋ ಬಾರಿ ಕೂಡಲಸಂಗಮದೇವ ಎಂಬ ಅಂಕಿತವೇ ಇರುವುದಿಲ್ಲ. ಅಂಕಿತ ಇದ್ದರೂ ಅದೊಂದೇ ಸಾಲದು, ಅದನ್ನು ಯಾರು ಬೇಕಾದರೂ ಕೊನೆಗೆ ಸೇರಿಸಬಹುದು. ಕರ್ನಾಟಕ ಸರ್ಕಾರ ಪ್ರಕಟಿಸಿದ 15 ಸಂಪುಟಗಳ ಸಮಗ್ರ ವಚನ ಸಾಹಿತ್ಯವಿದೆ, ‘ವಚನ ಸಂಚಯ’ ಜಾಲತಾಣದಲ್ಲಿ ಒಂದು ಪದ ಹಾಕಿ ಹುಡುಕಲೂಬಹುದು. ಸರ್ವಜ್ಞನದು ಮಾತ್ರ ತೊಡಕು. ಮೂರು ಸಾಲು ಕಟ್ಟಿ ಕೊನೆಯಲ್ಲಿ ಅವನ ಹೆಸರು ಹಾಕಿದವರು ಕಾಲಕಾಲಕ್ಕೂ ಇದ್ದಾರೆ, ಯಾವುದು ಅವನದು ಯಾವುದು ಅಲ್ಲ ಎಂದು ವಿದ್ವಾಂಸರೂ ಖಚಿತವಾಗಿ ಬೇರ್ಪಡಿಸಲಾರರು. ಅಲ್ಲಿ ‘ಸರ್ವಜ್ಞನ ಹೆಸರಿನ ತ್ರಿಪದಿ’ ಎಂದು ಬರೆಯುವುದೇ ಸರಿ.

ತಂಗಿಗೆ 1913ರ ಲೇಖನದ ವಿಷಯ ಹೇಳಿದಾಗ ಅವಳಿಗೆ ಮೊದಲು ಬೇಜಾರಾಯಿತು. ‘ಹಂಗಾದ್ರೆ ಗಾಂಧಿ ಜಯಂತಿಗೆ ನಾನು ಏನು ಹಾಕ್ಲಿ?’ ಎಂದಳು. ನಾವು ಮೂರು ದಾರಿ ಯೋಚಿಸಿದೆವು. ಹೆಸರು ತೆಗೆದು ಮಾತನ್ನು ಮಾತ್ರ ಇಟ್ಟುಕೊಳ್ಳುವುದು ಒಂದು. ‘ಗಾಂಧೀಜಿಯವರ ಹೆಸರಿನಲ್ಲಿ ಪ್ರಚಾರದಲ್ಲಿರುವ ಮಾತು’ ಎಂದು ಬರೆಯುವುದು ಇನ್ನೊಂದು. ಅವರು ನಿಜವಾಗಿ ಬರೆದದ್ದರ ಅರ್ಥವನ್ನು ನಮ್ಮ ಮಾತಿನಲ್ಲಿ, ವರ್ಷ ನಮೂದಿಸಿ ಹೇಳುವುದು ಮೂರನೆಯದು. ಯಾವುದನ್ನು ಆರಿಸಬೇಕು ಎಂಬುದು ಅವಳ ಕಾರಣ ಸಿಕ್ಕ ಮೇಲೆ ತಾನಾಗಿ ತೀರ್ಮಾನವಾಯಿತು, ಅದಕ್ಕೆ ಆಮೇಲೆ ಬರುತ್ತೇನೆ.

ಆಮೇಲೆ ಸುತ್ತಲಿನ ವಾಕ್ಯಗಳನ್ನು ಹಿಡಿದೆವು. ಇಲ್ಲಿ ನಾನು ಬಳಸುವ ಪರೀಕ್ಷೆ ಸರಳವಾದದ್ದು. ನುಡಿಮುತ್ತಿನ ಮೇಲೆ ಬೆರಳಿಟ್ಟು ಮುಚ್ಚಿ, ಉಳಿದದ್ದನ್ನು ಮಾತ್ರ ಓದಬೇಕು. ಆ ವಾಕ್ಯಗಳು ಇನ್ನಾವುದೋ ನುಡಿಮುತ್ತಿನ ಕೆಳಗೂ ಹೀಗೇ ಕೂರುತ್ತವೆ ಅನ್ನಿಸಿದರೆ ಅವು ಈ ಮಾತಿಗಾಗಿ ಬರೆದವಲ್ಲ. ‘ಜೀವನ ಒಂದು ಸುಂದರ ಪಯಣ’ ಎಂಬುದು ಅಬ್ದುಲ್ ಕಲಾಂ ಅವರ ಚಿತ್ರದ ಕೆಳಗೂ ಕೂರುತ್ತದೆ, ಬುದ್ಧನ ಚಿತ್ರದ ಕೆಳಗೂ ಕೂರುತ್ತದೆ. ‘ಸೋಲೇ ಗೆಲುವಿನ ಸೋಪಾನ’ವಂತೂ ಬದಲಾವಣೆಯ ಮಾತಿಗೆ ಸಂಬಂಧವೇ ಇಲ್ಲದ್ದು, ಸೋಲಿನ ಪ್ರಸ್ತಾಪ ಇಲ್ಲಿ ಎಲ್ಲಿಂದ ಬಂತು? ಹೀಗೆ ಒಂದೊಂದನ್ನೇ ಕೇಳುತ್ತಾ ಹೋದಾಗ ‘ಶುಭೋದಯ’ ಒಂದನ್ನು ಬಿಟ್ಟು ಮಿಕ್ಕದ್ದೆಲ್ಲ ಹೋಯಿತು.

ಶುಭೋದಯವನ್ನು ತೆಗೆಯಬಾರದೆಂದು ನಾನೇ ಹೇಳಿದೆ. ಅದು ಎಷ್ಟೇ ಸವೆದಿದ್ದರೂ ಬಾಗಿಲಲ್ಲಿ ಕಂಡವರಿಗೆ ‘ಏನಮ್ಮ, ಆಯ್ತಾ ತಿಂಡಿ?’ ಎನ್ನುವಂಥದ್ದು. ಅದರಲ್ಲಿ ಯಾರೂ ಹೊಸ ವಿಚಾರ ಹುಡುಕುವುದಿಲ್ಲ. ಹೇಳದಿದ್ದರೆ ಮಾತ್ರ ಕೊರತೆಯಾಗುತ್ತದೆ. ತೆಗೆಯಬೇಕಾದದ್ದು ವಿಚಾರದ ಜಾಗದಲ್ಲಿ ಕೂತು ವಿಚಾರ ಹೇಳದ ವಾಕ್ಯಗಳನ್ನು. ಎಸ್ಸೆಸ್ಸೆಲ್ಸಿ ಪರೀಕ್ಷೆಯ ಬೆಳಿಗ್ಗೆ ಮಕ್ಕಳಿಗೆ ‘ಒಳ್ಳೆಯದಾಗಲಿ’ ಎಂದು ಬರೆದರೆ ಸಾಕು, ಯಾರಾದರೂ ತೀರಿಕೊಂಡಾಗ ಎಲ್ಲರೂ ಹೇಳುವ ಮಾತನ್ನೇ ಹೇಳುವುದು ಮರ್ಯಾದೆ. ಅಲ್ಲಿ ಹೊಸತನ ಹುಡುಕಲು ಹೋಗಬಾರದು.

ಸವೆದ ಮಾತನ್ನು ತೆಗೆಯುವವರು ಸಾಮಾನ್ಯವಾಗಿ ಒಂದು ಕಡೆ ಸಿಕ್ಕಿಹಾಕಿಕೊಳ್ಳುತ್ತಾರೆ. ತಂಗಿಯೂ ಸಿಕ್ಕಿಹಾಕಿಕೊಂಡಳು. ‘ಬದಲಾವಣೆಯ ಹರಿಕಾರರಾಗೋಣ’ ತೆಗೆದು ‘ಪರಿವರ್ತನೆಯ ಪಥದಲ್ಲಿ ಹೆಜ್ಜೆ ಹಾಕೋಣ’ ಎಂದು ಬರೆದಳು. ‘ಏಳುಬೀಳು’ ತೆಗೆದು ‘ನೋವುನಲಿವಿನ ಜೋಕಾಲಿ’ ಎಂದು ಹಾಕಿದಳು. ಪದ ಬದಲಾಯಿತು, ಅರ್ಥ ಇದ್ದಲ್ಲೇ ಉಳಿಯಿತು, ಓದುವುದಕ್ಕೆ ಇನ್ನಷ್ಟು ಭಾರವಾಯಿತು. ಶಾಲೆಯಲ್ಲಿ ನಾವೆಲ್ಲ ಪೀಠಿಕೆ, ವಿಷಯ ವಿಸ್ತರಣೆ, ಉಪಸಂಹಾರ ಎಂದು ಪ್ರಬಂಧ ಬರೆದು ಬಂದವರು. ವಿಷಯ ವಿಸ್ತರಣೆ ಎಂದರೆ ಅದೇ ಮಾತನ್ನು ಬೇರೆ ಬೇರೆ ಪದದಲ್ಲಿ ಹೇಳುವುದೆಂದು ಕೈ ರೂಢಿಸಿಕೊಂಡುಬಿಟ್ಟಿದೆ. ಸನ್ಮಾನ ಸಮಾರಂಭದ ಭಾಷಣಗಳು ಆ ರೂಢಿಯನ್ನು ಇನ್ನೂ ಗಟ್ಟಿ ಮಾಡುತ್ತವೆ. ಆದ್ದರಿಂದ ನಾನು ಅವಳಿಗೆ ಹೇಳಿದ್ದು ಇಷ್ಟೇ: ತೆಗೆದ ಜಾಗವನ್ನು ಖಾಲಿ ಬಿಡು. ಅಲ್ಲಿ ಏನು ಬರಬೇಕೋ ಅದು ಪದಕೋಶದಿಂದ ಬರುವುದಿಲ್ಲ, ನಿನ್ನ ಗ್ರಂಥಾಲಯದಿಂದ ಬರಬೇಕು.

ಕಾರಣ ಹುಡುಕುವ ಕೆಲಸ ಹೆಚ್ಚು ಹೊತ್ತು ಹಿಡಿಯಿತು. ಅವಳು ಮೊದಲು ಬರೆದದ್ದು, ‘ಈ ಒಂದು ಮಾತು ನನ್ನ ಜೀವನವನ್ನೇ ಬದಲಿಸಿತು’ ಎಂದು. ಇದು ಸ್ವಂತದ್ದು ಎಂಬಂತೆ ಕಾಣುತ್ತದೆ. ‘ನನ್ನ’ ಎಂಬ ಪದ ಇದೆಯಲ್ಲ. ಆದರೆ ಮೊದಲಿನ ಪರೀಕ್ಷೆಯನ್ನೇ ಇದಕ್ಕೂ ಒಡ್ಡಿದರೆ ಈ ವಾಕ್ಯವೂ ಬೀಳುತ್ತದೆ. ಯಾವ ಜೀವನ, ಏನಿತ್ತು, ಏನಾಯಿತು ಎಂದು ಅದರಲ್ಲಿಲ್ಲ. ಯಾರು ಬೇಕಾದರೂ ತಮ್ಮ ಹೆಸರು ಹಾಕಿ ಕಳಿಸಬಹುದು.

ಅದು ಬೇಡವೆಂದ ಮೇಲೆ ಅವಳು ಇನ್ನೊಂದು ತುದಿಗೆ ಹೋದಳು. ಚಿಕ್ಕಪ್ಪ ತೀರಿಕೊಂಡ ವರ್ಷ, ಅವಳು ಡಿಗ್ರಿ ಅರ್ಧಕ್ಕೆ ಬಿಟ್ಟದ್ದು, ಆಮೇಲೆ ಮುಗಿಸಿದ್ದು, ಮನೆಯಲ್ಲಿ ಎಲ್ಲರೂ ಪಟ್ಟ ಪಾಡು ಎಲ್ಲವನ್ನೂ ಬರೆದಳು. ಓದುವಾಗ ನನಗೆ ಗಂಟಲು ಕಟ್ಟಿತು, ಏಕೆಂದರೆ ಅದರಲ್ಲಿ ಒಂದೂ ಸುಳ್ಳಿಲ್ಲ. ಆದರೆ ಗಾಂಧೀಜಿಯವರ ಮಾತಿಗೂ ಇದಕ್ಕೂ ಏನು ನಂಟು? ಆ ಕಷ್ಟದ ದಿನಗಳಲ್ಲಿ ಅವಳನ್ನು ಹಿಡಿದು ನಿಲ್ಲಿಸಿದ್ದು ಚಿಕ್ಕಮ್ಮನ ಗಟ್ಟಿತನ. ಯಾವ ನುಡಿಮುತ್ತೂ ಆಗ ಅವಳ ತಲೆಯಲ್ಲಿರಲಿಲ್ಲ. ದುಃಖ ದೊಡ್ಡದಿದ್ದ ಮಾತ್ರಕ್ಕೆ ಅದು ಈ ಮಾತಿಗೆ ಕಾರಣವಾಗುವುದಿಲ್ಲ. ಜೊತೆಗೆ ಆ ಕತೆ ಅವಳೊಬ್ಬಳದೇ ಅಲ್ಲ, ಚಿಕ್ಕಮ್ಮನದೂ ಹೌದು. ಇಡೀ ಊರು ಓದುವ ಗುಂಪಿನಲ್ಲಿ ಅದನ್ನು ಹಾಕಲು ಚಿಕ್ಕಮ್ಮನನ್ನು ಕೇಳಬೇಕಿತ್ತು. ‘ಇದನ್ನ ನಿಂಗೇ ಇಟ್ಕೊ’ ಎಂದೆ. ಅವಳು ಒಪ್ಪಿದಳು.

ಅನಂತರ ನಾನು ಕೇಳಿದ್ದು ಒಂದೇ ಪ್ರಶ್ನೆ. ಈ ಮಾತು ನಿನಗೆ ಯಾವತ್ತು ಉಪಯೋಗಕ್ಕೆ ಬಂತು? ಇದು ತಲೆಯಲ್ಲಿ ಇಲ್ಲದಿದ್ದರೆ ಅವತ್ತು ನೀನು ಬೇರೆ ಏನು ಮಾಡುತ್ತಿದ್ದೆ? ಈ ಎರಡನೆಯ ಭಾಗವೇ ಮುಖ್ಯ. ಒಂದು ಮಾತು ನಮಗೆ ಮುಖ್ಯವಾಗಿತ್ತು ಎಂದರೆ ಅದು ನಮ್ಮ ಯಾವುದೋ ಒಂದು ನಡೆಯನ್ನು ಒಂದಿಷ್ಟಾದರೂ ತಿರುಗಿಸಿರಬೇಕು. ಎಷ್ಟು ಯೋಚಿಸಿದರೂ ಉತ್ತರ ಸಿಗದಿದ್ದರೆ ಆ ಮಾತನ್ನು ಬಿಟ್ಟು ಇನ್ನೊಂದನ್ನು ಆರಿಸಿಕೊಳ್ಳುವುದು ಒಳ್ಳೆಯದು.

ಅವಳು ಸ್ವಲ್ಪ ಹೊತ್ತು ಸುಮ್ಮನಿದ್ದು, ‘ಇದೇನು ದೊಡ್ಡ ವಿಷ್ಯ ಅಲ್ಲ ಅಣ್ಣ’ ಎಂದು ಶುರು ಮಾಡಿದಳು. ನನ್ನ ಕೆಲಸದಲ್ಲಿ ಈ ಮಾತು ಕೇಳಿದ ಕೂಡಲೇ ನಾನು ಪೆನ್ನು ಕೆಳಗಿಡುತ್ತೇನೆ, ಬರಹಕ್ಕೆ ಬೇಕಾದ್ದು ಹೆಚ್ಚಾಗಿ ಇದರ ಹಿಂದೆಯೇ ಬರುತ್ತದೆ.

2020ರ ಕೊನೆಯಲ್ಲಿ ಸರ್ಕಾರ ‘ಓದುವ ಬೆಳಕು’ ಎಂಬ ಕಾರ್ಯಕ್ರಮ ತಂದು ಪಂಚಾಯಿತಿ ಗ್ರಂಥಾಲಯಗಳಲ್ಲಿ ಮಕ್ಕಳಿಗೆ ಉಚಿತ ಸದಸ್ಯತ್ವ ಕೊಟ್ಟಿತು. ಅದರಿಂದ ಇವಳ ಗ್ರಂಥಾಲಯಕ್ಕೂ ಮಕ್ಕಳು ಬರತೊಡಗಿದರು. ಸಂಜೆ ಶಾಲೆ ಬಿಟ್ಟ ಮೇಲೆ ಬ್ಯಾಗು ಸಮೇತ ಬರುತ್ತಾರೆ, ಕಪಾಟಿನಿಂದ ಪುಸ್ತಕ ತೆಗೆಯುತ್ತಾರೆ, ಗುಂಪಿಗೆ ಹಾಕಲು ಇವಳು ಫೋಟೊ ತೆಗೆಯುವ ತನಕ ಬಿಡಿಸಿಕೊಂಡು ಕೂರುತ್ತಾರೆ, ಆಮೇಲೆ ಪುಸ್ತಕ ಮಡಚಿ ಕೇರಂ ಬೋರ್ಡಿನ ಸುತ್ತ ಸೇರುತ್ತಾರೆ. ‘ಓದ್ರೋ’ ಎಂದು ಇವಳು ಮೇಜಿನ ಹಿಂದಿನಿಂದ ಕೂಗುವುದು, ಒಂದು ಗಳಿಗೆ ಸದ್ದಡಗುವುದು, ಮತ್ತೆ ಶುರುವಾಗುವುದು. ಒಂದು ಸಂಜೆ ಆರನೇ ತರಗತಿಯ ಹುಡುಗಿಯೊಬ್ಬಳು ಕಪಾಟಿನ ಮುಂದೆ ನಿಂತು, ‘ಮಿಸ್, ಇದ್ರಲ್ಲಿ ನೀವು ಯಾವ್ಯಾವ್ದು ಓದಿದ್ದೀರಾ?’ ಎಂದು ಕೇಳಿದಳು. ಯಾವುದು ಚೆನ್ನಾಗಿದೆ ಎಂದು ತಿಳಿದುಕೊಳ್ಳಲು ಕೇಳಿದ ಪ್ರಶ್ನೆ, ಅದರಲ್ಲಿ ತುಂಟತನವೇನೂ ಇರಲಿಲ್ಲ. ಇವಳಿಗೆ ಉತ್ತರ ಹೊಳೆಯಲಿಲ್ಲ. ಪುಸ್ತಕಗಳ ನಂಬರು ಗೊತ್ತು, ದಾಖಲಾತಿ ವಹಿಯ ಪುಟ ಗೊತ್ತು, ಯಾವುದನ್ನು ಯಾರು ವಾಪಸು ತಂದಿಲ್ಲ ಎಂಬುದೂ ಗೊತ್ತು. ಓದಿದ್ದು ಮಾತ್ರ ಕೆಲಸ ಸಿಗುವ ಮುಂಚಿನದು.

ಆ ಹೊತ್ತಿಗೆ ಗೋಡೆಯ ಮೇಲೆ ಇದೇ ಗಾಂಧಿ ಮಾತಿನ ಚಾರ್ಟು ಇತ್ತು, ಅವಳೇ ಸ್ಕೆಚ್ ಪೆನ್ನಿನಲ್ಲಿ ಬರೆದು ಅಂಟಿಸಿದ್ದು. ಹುಡುಗಿ ಹೋದ ಮೇಲೆ ಅದನ್ನು ನೋಡಿದಳಂತೆ. ಅವತ್ತು ಬಾಗಿಲು ಹಾಕುವಾಗ ಒಂದು ಪುಸ್ತಕ ಚೀಲಕ್ಕೆ ಹಾಕಿಕೊಂಡು ಮನೆಗೆ ಹೋದಳು. ಆಮೇಲೆ ಸಂಜೆ ನಾಲ್ಕೂವರೆಗೆ ಫೋನನ್ನು ಡ್ರಾಯರಿನೊಳಗಿಟ್ಟು ಮೇಜಿನ ಮೇಲೆ ಪುಸ್ತಕ ತೆರೆದು ತಾನೂ ಓದುವುದು ರೂಢಿಯಾಯಿತು. ಮಕ್ಕಳಿಗೆ ಓದಿ ಎಂದು ಕೂಗುವುದನ್ನು ಬಿಟ್ಟಳು.

‘ಆಮೇಲೆ ಮಕ್ಕಳು ಓದಕ್ಕೆ ಶುರು ಮಾಡಿದ್ರಾ?’ ಎಂದು ಕೇಳಿದೆ.

‘ಎಲ್ರೂ ಇಲ್ಲ. ಕೇರಂ ಆಡೋವ್ರು ಆಡ್ತಾನೇ ಇರ್ತಾರೆ. ಇಬ್ರು ಮೂವರು ಸ್ಟೂಲು ಎಳ್ಕೊಂಡು ನನ್ನ ಮೇಜಿನ ಹತ್ರ ಬಂದು ಕೂತ್ಕೊತಾರೆ. ನಾನು ಯಾವ ಪುಟದಲ್ಲಿದೀನಿ ಅಂತ ಬಗ್ಗಿ ನೋಡ್ತಾರೆ.’

ಇದನ್ನು ಹಾಗೇ ಬರಿ ಎಂದೆ. ಎಲ್ಲರೂ ಓದಲಿಲ್ಲ ಎಂಬುದನ್ನೂ ಸೇರಿಸಿ ಬರಿ ಎಂದೆ. ಇಂಥ ಬರಹದಲ್ಲಿ ಫಲವನ್ನು ಹಿಗ್ಗಿಸುವ ಆಸೆ ಬಲವಾಗಿರುತ್ತದೆ. ಮಕ್ಕಳೆಲ್ಲ ಕೇರಂ ಬಿಟ್ಟು ಪುಸ್ತಕ ಹಿಡಿದರು ಎಂದು ಬರೆದಿದ್ದರೆ ಆ ಗುಂಪಿನಲ್ಲಿರುವ ತಂದೆತಾಯಿಗೆ ಅದು ಸುಳ್ಳೆಂದು ಗೊತ್ತಾಗುತ್ತಿತ್ತು, ಅವರ ಮಕ್ಕಳು ಮನೆಗೆ ಬಂದು ಕೇರಂ ಗೆದ್ದ ಸುದ್ದಿ ಹೇಳಿರುತ್ತಾರೆ. ಆ ಒಂದು ಸುಳ್ಳಿನಿಂದ ಉಳಿದ ನಿಜವೂ ಅಳಿಸಿಹೋಗುತ್ತಿತ್ತು.

ಈಗ ಯಾವ ಮಾತು ಹಾಕಬೇಕೆಂಬ ಮೊದಲಿನ ಪ್ರಶ್ನೆಗೆ ಉತ್ತರ ಸಿಕ್ಕಿತು. ಅವಳ ಅನುಭವ ಹೊಂದಿಕೊಂಡದ್ದು ಪ್ರಚಾರದ ಮಾತಿಗಲ್ಲ, 1913ರ ಬರಹಕ್ಕೆ. ಮಕ್ಕಳಲ್ಲಿ ಕಂಡದ್ದು ತನ್ನಲ್ಲೂ ಇದೆ ಎಂದು ಅವಳು ಕಂಡುಕೊಂಡಳು, ಅದು ಆ ಬರಹದ ಮೊದಲ ಭಾಗ. ಮಕ್ಕಳು ಓದಲಿ, ಆಮೇಲೆ ನೋಡೋಣ ಎಂದು ಕಾಯಲಿಲ್ಲ, ಅದು ಕೊನೆಯ ಭಾಗ. ಕೇರಂ ಆಡುವವರು ಆಡುತ್ತಲೇ ಇದ್ದರೂ ತನ್ನ ಓದು ನಿಲ್ಲಿಸಿಲ್ಲ ಎಂಬುದಕ್ಕೂ ಅಲ್ಲೇ ಆಸರೆ ಇದೆ. ಮೂಲ ಹುಡುಕುವುದು ಒಂದು ಕೆಲಸ, ಸ್ವಂತ ಕಾರಣ ಹುಡುಕುವುದು ಇನ್ನೊಂದು ಕೆಲಸ ಎಂದು ನಾವು ಶುರು ಮಾಡಿದ್ದೆವು. ಕೊನೆಗೆ ಎರಡೂ ಒಂದೇ ಕಡೆ ಕೂಡಿದವು. ನುಣುಪಾದ ಮಾತಿನಲ್ಲಿ ನಮ್ಮ ಬದುಕು ಸಿಕ್ಕಿಕೊಳ್ಳಲು ಜಾಗವಿರುವುದಿಲ್ಲ. ಯಾರೋ ಒಬ್ಬರು ಒಂದು ಸಂದರ್ಭದಲ್ಲಿ ಯೋಚಿಸಿ ಬರೆದದ್ದರಲ್ಲಿ ಅದು ಇರುತ್ತದೆ.

ಬರೆಯುವಾಗ ಕ್ರಮವನ್ನೂ ಬದಲಿಸಿದೆವು. ನುಡಿಮುತ್ತು ಮೇಲೆ, ವಿವರಣೆ ಕೆಳಗೆ ಎಂಬುದು ಎಲ್ಲರ ರೂಢಿ. ಆ ಕ್ರಮದಲ್ಲಿ ದೊಡ್ಡವರ ಹೆಸರು ಕಂಡ ಕೂಡಲೇ ಓದುಗರು ಇದು ಗೊತ್ತಿರುವುದೇ ಎಂದು ಮುಂದಕ್ಕೆ ಹೋಗುತ್ತಾರೆ. ಆದ್ದರಿಂದ ಘಟನೆ ಮೊದಲು, ಗಾಂಧೀಜಿಯವರ ವಿಚಾರ ಆಮೇಲೆ ಎಂದು ಇಟ್ಟೆವು. ಹುಡುಗಿಯ ಹೆಸರನ್ನು ಅವಳು ಬರೆದಿದ್ದಳು, ಅದನ್ನು ತೆಗೆಸಿದೆ. ಮಗು ಕೇಳಿದ ಪ್ರಶ್ನೆಯನ್ನು ಊರಿನವರು ಹೆಸರು ಹಿಡಿದು ಆಡಿಕೊಳ್ಳುವಂತಾಗಬಾರದು. ‘ಒಂದು ಪುಸ್ತಕ ತಗೊಂಡು ಹೋದೆ’ ಎಂದಿದ್ದ ಕಡೆ ಯಾವ ಪುಸ್ತಕ ಎಂದು ಕೇಳಿ ಹೆಸರು ಹಾಕಿಸಿದೆ.

ಒಂದು ವಿಷಯಕ್ಕೆ ಮಾತ್ರ ನಮ್ಮಲ್ಲಿ ಸ್ವಲ್ಪ ಜಗಳವಾಯಿತು. ‘ನೀವೂ ಇಂದಿನಿಂದ ಮಕ್ಕಳ ಜೊತೆ ಓದಿ’ ಎಂದು ಕೊನೆಯಲ್ಲಿ ಸೇರಿಸಬೇಕೆಂದು ಅವಳು. ಬೇಡವೆಂದು ನಾನು. ‘ಕೊನೇಲಿ ಏನಾದ್ರೂ ಹೇಳ್ಬೇಕಲ್ವಾ ಅಣ್ಣ? ಇಲ್ಲಾಂದ್ರೆ ಅರ್ಧಕ್ಕೇ ಬಿಟ್ಟಂಗಿರುತ್ತೆ’ ಎಂಬುದು ಅವಳ ವಾದ. ಓದಿ ಎಂದು ಮಕ್ಕಳಿಗೆ ಕೂಗುವುದನ್ನು ಬಿಟ್ಟೆ ಎಂದು ಮೇಲೆ ಬರೆದು, ಕೆಳಗೆ ದೊಡ್ಡವರಿಗೆ ಓದಿ ಎಂದು ಕೂಗಿದರೆ ಮೇಲಿನದ್ದು ಸುಳ್ಳಾಗುತ್ತದೆ ಎಂದೆ. ಅವಳು ಅದನ್ನು ಓದಿ ನೋಡಿ, ತಾನೇ ಅಳಿಸಿ, ಆ ಜಾಗದಲ್ಲಿ ಗ್ರಂಥಾಲಯ ಯಾವಾಗ ತೆರೆದಿರುತ್ತದೆ ಎಂಬುದನ್ನು ಹಾಕಿದಳು. ಅದು ನನಗೆ ಹೊಳೆದಿರಲಿಲ್ಲ. ಕೊನೆಗೆ ಗುಂಪಿಗೆ ಹೋದದ್ದು ಇದು:

‘ಶುಭೋದಯ. ಇವತ್ತು ಗಾಂಧಿ ಜಯಂತಿ.

ಗ್ರಂಥಾಲಯದಲ್ಲಿ ಸಂಜೆ ಮಕ್ಕಳಿಗೆ ಓದ್ರೋ ಓದ್ರೋ ಎಂದು ಕೂಗುತ್ತಾ ನಾನು ಮೇಜಿನ ಹಿಂದೆ ಫೋನು ನೋಡುತ್ತಿದ್ದೆ. ಒಂದು ದಿನ ಆರನೇ ತರಗತಿಯ ಹುಡುಗಿ ಕಪಾಟು ತೋರಿಸಿ, ಮಿಸ್ ಇದರಲ್ಲಿ ನೀವು ಯಾವ್ಯಾವುದು ಓದಿದ್ದೀರಾ ಎಂದು ಕೇಳಿದಳು. ನನ್ನಲ್ಲಿ ಉತ್ತರವಿರಲಿಲ್ಲ. ಅವತ್ತು ತೇಜಸ್ವಿಯವರ “ಪರಿಸರದ ಕತೆ” ಮನೆಗೆ ತೆಗೆದುಕೊಂಡು ಹೋದೆ. ಈಗ ಸಂಜೆ ನಾಲ್ಕೂವರೆಗೆ ನಾನೂ ಓದುತ್ತೇನೆ, ಕೂಗುವುದನ್ನು ಬಿಟ್ಟಿದ್ದೇನೆ. ಎಲ್ಲ ಮಕ್ಕಳೂ ಓದುತ್ತಾರೆಂದಲ್ಲ. ಕೇರಂ ಆಡುವವರು ಆಡುತ್ತಾರೆ. ಇಬ್ಬರು ಮೂವರು ಸ್ಟೂಲು ಎಳೆದುಕೊಂಡು ಮೇಜಿನ ಹತ್ತಿರ ಬಂದು ಕೂರುತ್ತಾರೆ.

ಗಾಂಧೀಜಿ 1913ರಲ್ಲಿ ಬರೆದ ಒಂದು ಲೇಖನದಲ್ಲಿ, ಹೊರಗೆ ಕಾಣುವುದು ನಮ್ಮೊಳಗೂ ಇದೆ, ನಾವು ಬದಲಾಗಲು ಬೇರೆಯವರಿಗಾಗಿ ಕಾಯಬೇಕಿಲ್ಲ ಎಂಬ ಅರ್ಥದ ಮಾತಿದೆ. ಆ ಹುಡುಗಿ ಕೇಳಿದ ಮೇಲೆ ನನಗೆ ಬೇಕಾದದ್ದು ಆ ಮಾತು.

ಇವತ್ತು ರಜೆ. ನಾಳೆ ಸಂಜೆ ಗ್ರಂಥಾಲಯ ತೆರೆದಿರುತ್ತದೆ.’

ಮೊದಲಿನ ಸಂದೇಶಕ್ಕಿಂತ ಇದು ಉದ್ದವಾಯಿತು. ಸವೆದ ಮಾತು ತೆಗೆದರೆ ಬರಹ ಚಿಕ್ಕದಾಗುತ್ತದೆ ಎಂಬುದು ಯಾವಾಗಲೂ ನಿಜವಲ್ಲ. ಒಂದು ಘಟನೆಗೆ ಅದು ಕೇಳುವಷ್ಟು ಜಾಗ ಕೊಡಲೇಬೇಕು. ‘ನನ್ನಲ್ಲಿ ಉತ್ತರವಿರಲಿಲ್ಲ’ ಎಂಬ ವಾಕ್ಯವನ್ನು ಊರಿಗೆ ಊರೇ ಓದುತ್ತದೆಂದು ಅವಳು ಹಿಂದೆಮುಂದೆ ನೋಡಿದಳು. ಅದನ್ನು ಇಡುವುದೋ ಬಿಡುವುದೋ ಅವಳಿಗೇ ಬಿಟ್ಟೆ, ಕೆಲಸದ ಜಾಗದ ಮಾತನ್ನು ಎಷ್ಟು ಹೊರಗೆ ಹೇಳಬಹುದು ಎಂಬುದು ಅಲ್ಲಿ ಕೂರುವವರಿಗೇ ಚೆನ್ನಾಗಿ ಗೊತ್ತಿರುತ್ತದೆ. ಅವಳು ಇಟ್ಟಳು.

ಕೈಮುಗಿಯುವ ಚಿತ್ರಗಳು ಆ ದಿನ ಎಂದಿಗಿಂತ ಕಡಿಮೆ ಬಂದವು. ಮಾತುಗಳು ಬಂದವು. ನಿವೃತ್ತ ಹೆಡ್‌ಮಾಸ್ಟರೊಬ್ಬರು, ಗಾಂಧೀಜಿಯವರ ಆ ಪ್ರಸಿದ್ಧ ಮಾತು ಎಲ್ಲರಿಗೂ ಗೊತ್ತಿರುವಾಗ ಅದನ್ನೇ ಹಾಕಬಹುದಿತ್ತಲ್ಲ ಎಂದು ಬರೆದರು. ‘ಸರ್, ಅದು ಅವರ ಬರಹದಲ್ಲಿ ಸಿಕ್ಕಿಲ್ಲವಂತೆ. ಇದು ಇಂಡಿಯನ್ ಒಪಿನಿಯನ್ ಪತ್ರಿಕೆಯಲ್ಲಿ ಹಾವು ಕಡಿತದ ಬಗ್ಗೆ ಬರೆಯುವಾಗ ಬಂದದ್ದು’ ಎಂದು ಅವಳು ಉತ್ತರಿಸಿದಳು. ಹಾವು ಕಡಿತಕ್ಕೂ ಇದಕ್ಕೂ ಏನು ಸಂಬಂಧ ಎಂದು ಅವರು ಕೇಳಿ, ಸಂಜೆ ಫೋನು ಮಾಡಿ ಆ ಪೋರ್ಟಲ್ ತೆರೆಯುವುದು ಹೇಗೆಂದು ತಿಳಿದುಕೊಂಡರು. ಇಬ್ಬರು ತಾಯಂದಿರು ‘ಪರಿಸರದ ಕತೆ’ ಇನ್ನೊಂದು ಪ್ರತಿ ಇದೆಯೇ ಎಂದು ವಿಚಾರಿಸಿದರು. ಇದ್ದದ್ದು ಒಂದೇ ಪ್ರತಿ, ಅದೂ ಅವಳ ಮೇಜಿನ ಮೇಲೆಯೇ.

ಮರುದಿನಕ್ಕೆಂದು ಅವಳು ವಿವೇಕಾನಂದರ ಹೆಸರಿನ ಒಂದು ಮಾತು ಮೊದಲೇ ಆರಿಸಿಟ್ಟುಕೊಂಡಿದ್ದಳು. ರಾತ್ರಿ ನನಗೆ ಕಳಿಸಿ, ‘ಇದು ನಂಗೆ ಯಾವತ್ತು ಉಪಯೋಗಕ್ಕೆ ಬಂತು ಅಂತ ಯೋಚ್ನೆ ಮಾಡ್ದೆ ಅಣ್ಣ, ಏನೂ ಹೊಳೀಲಿಲ್ಲ’ ಎಂದಳು. ಹಾಗಾದರೆ ಬೇಡ ಬಿಡು ಎಂದೆ. ಬೆಳಿಗ್ಗೆ ಏಳಕ್ಕೆ ಗುಂಪಿನಲ್ಲಿ ಶುಭೋದಯ ಇತ್ತು, ಅದರ ಕೆಳಗೆ ವಾಪಸು ಬರಬೇಕಾದ ಪುಸ್ತಕಗಳ ಪಟ್ಟಿಯಿತ್ತು.